ವೀಸಾ ಕೈಗೆ ಬರುವ ಮೊದಲು ರೂಮಿಗೆ ರೊಕ್ಕ ಕಳಿಸಬೇಡಿ

ಜರ್ಮನಿಗೆ ಎಂ.ಎಸ್. ಮಾಡಲು ಹೊರಟ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಹುಡುಗ ಹುಡುಗಿಯರು ಅಲ್ಲಿನ ಮನೆ ಮಾಲೀಕರಿಗೆ ಬರೆದ ಪತ್ರಗಳನ್ನು ಕಳಿಸುವ ಮೊದಲು ನನಗೆ ತೋರಿಸುತ್ತಾರೆ. ನಾನೂ ಅಲ್ಲಿ ಓದಿ ಬಂದವನು ಅಂತ. ಹೆಚ್ಚಿನವು ಒಂದೇ ತರಹ ಇರುತ್ತವೆ. ಮುಕ್ಕಾಲು ಪಾಲು ಮಾರ್ಕ್ಸು, ಕಾಲೇಜು, ನಾನು ಸಿಗರೇಟು ಸೇದುವುದಿಲ್ಲ, ಅಡುಗೆ ಬರುತ್ತದೆ ಎಂಬ ವಿವರ. ಕೊನೆಗೆ ಒಂದು ಸಾಲು: 'ನೀವು ಹೇಳಿದ ತಕ್ಷಣ ಹಣ ಕಳಿಸುತ್ತೇನೆ.' ಆ ಕೊನೆಯ ಸಾಲು ನೋಡಿದರೆ ನನಗೆ ಭಯವಾಗುತ್ತದೆ.

ಈ ಸಲ ಮ್ಯಾಗ್ಡೆಬುರ್ಗ್‌ನಲ್ಲಿ ಸೀಟು ಸಿಕ್ಕ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಅವರಪ್ಪ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹಾಕುವ ರೈತರು, ಓದಿಗೆ ಬ್ಯಾಂಕ್ ಸಾಲ ತೆಗೆದಿದ್ದಾರೆ. 'ಅಣ್ಣಾ, ರೂಮ್ ಕೈ ಬಿಟ್ಟು ಹೋಗತೈತಿ ಅನಸ್ತೈತ್ರಿ. ಮೂರ್ ತಿಂಗಳದ್ದು ಒಮ್ಮೆಲೇ ಕಳಿಸಿಬಿಡ್ಲೇನ್ರಿ?' ವೀಸಾ ಎಲ್ಲಿಗೆ ಬಂತಪ್ಪಾ ಅಂದೆ. 'ಬೆಂಗಳೂರಾಗ ಕಾಗದ ಕೊಟ್ಟ ಬಂದೇನ್ರಿ, ಇನ್ನೂ ಬಂದಿಲ್ರಿ.'

ಕಳಿಸಬೇಡ ಅಂದೆ. ಯಾಕೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ, ಇದು ಅವನೊಬ್ಬನ ಪ್ರಶ್ನೆಯಲ್ಲ.

ಮೊದಲನೆಯದು ಬ್ಲಾಕ್ಡ್ ಅಕೌಂಟ್. ವೀಸಾಕ್ಕಾಗಿ ಈಗ ಒಂದು ವರ್ಷಕ್ಕೆ 11,904 ಯೂರೋ ಅದರಲ್ಲಿ ಇಡಬೇಕು. 'ನನ್ನ ಬಳಿ ಇಷ್ಟು ಹಣವಿದೆ, ಅದರಿಂದಲೇ ಬಾಡಿಗೆ ಕೊಡುತ್ತೇನೆ' ಎಂದು ಮಕ್ಕಳು ಮಾಲೀಕರಿಗೆ ಬರೆಯುತ್ತಾರೆ. ಆದರೆ ಇಲ್ಲಿ ಕೂತು ಆ ಖಾತೆಯಿಂದ ಒಂದು ಯೂರೋ ತೆಗೆಯಲಾಗದು. ಅಲ್ಲಿಗೆ ಹೋಗಿ, ಸಾಮಾನ್ಯ ಬ್ಯಾಂಕ್ ಖಾತೆ ತೆರೆದು, ಬ್ಲಾಕ್ಡ್ ಅಕೌಂಟ್ ಚಾಲೂ ಮಾಡಿಸಿದ ಮೇಲೆ ತಿಂಗಳಿಗೆ 992 ಯೂರೋದಂತೆ ಬರುತ್ತದೆ. ಅಂದರೆ ಮೊದಲ ಬಾಡಿಗೆ ಮತ್ತು ಡಿಪಾಸಿಟ್ಟಿನ ಹಣವನ್ನು ಅಪ್ಪ ಅಮ್ಮ ಬೇರೆಯೇ ಹೊಂದಿಸಬೇಕು. ಸಾಲಕ್ಕೆ ಅರ್ಜಿ ಹಾಕುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಆ ಹುಡುಗ ನೋಡಿದ ರೂಮಿನ ಲೆಕ್ಕವನ್ನೇ ತಗೊಳ್ಳಿ. ಬರೀ ಕೋಣೆಯ ಬಾಡಿಗೆ 300 ಯೂರೋ, ನೀರು, ಹೀಟರ್ ಎಲ್ಲ ಸೇರಿ 390. ಡಿಪಾಸಿಟ್ ಎರಡು ತಿಂಗಳ ಬರೀ ಬಾಡಿಗೆ, 600 ಯೂರೋ. ಜರ್ಮನಿಯ ಕಾನೂನಿನಲ್ಲಿ ಡಿಪಾಸಿಟ್ ಮೂರು ತಿಂಗಳ ಬರೀ ಬಾಡಿಗೆ ಮೀರುವಂತಿಲ್ಲ, ಮತ್ತು ಅದನ್ನು ಮೂರು ಸಮ ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಮೊದಲ ಕಂತು ಬಾಡಿಗೆ ಶುರುವಾಗುವಾಗ ಕೊಡಬೇಕು. ಹಾಗಾಗಿ ಮೊದಲ ಪಾವತಿ 390 ಮತ್ತು 200 ಸೇರಿ 590 ಯೂರೋ. ಯೂರೋಗೆ ಸುಮಾರು ನೂರು ರೂಪಾಯಿ ಹಿಡಿದರೂ ಅರವತ್ತು ಸಾವಿರದ ಹತ್ತಿರ. ಅವನು ಒಮ್ಮೆಲೇ ಕಳಿಸಲು ಹೊರಟಿದ್ದು ಮೂರು ತಿಂಗಳ ಬಾಡಿಗೆ, ಪೂರ್ತಿ ಡಿಪಾಸಿಟ್ ಸೇರಿ ಇದರ ಮೂರು ಪಟ್ಟು.

ಕಂತು ಹಗುರ ಅಂತ ಮುಂದಿನ ತಿಂಗಳುಗಳನ್ನು ಮರೆಯುವಂತಿಲ್ಲ. ಎರಡನೇ ತಿಂಗಳು ಬರುವ 992ರಲ್ಲಿ 390 ಬಾಡಿಗೆ, 200 ಡಿಪಾಸಿಟ್ ಕಂತು, ಆರೋಗ್ಯ ವಿಮೆಗೆ ಸುಮಾರು 150 ಹೋದರೆ ಊಟ, ಓಡಾಟಕ್ಕೆ ಉಳಿಯುವುದು 250ರಷ್ಟೇ. ಮನೆಯಲ್ಲಿ ಅನುಕೂಲವಿದ್ದರೆ ಆ ಎರಡು ಕಂತಿನ 400 ಯೂರೋವನ್ನೂ ಫಾರೆಕ್ಸ್ ಕಾರ್ಡಿಗೆ ಹಾಕಿಸಿಕೊಂಡು ಹೋಗುವುದು ಒಳ್ಳೆಯದು.

ಇನ್ನು ವೀಸಾ. ಕೆಲವರಿಗೆ ನಾಲ್ಕೈದು ವಾರದಲ್ಲಿ ಬರುತ್ತದೆ, ಕೆಲವರಿಗೆ ಹನ್ನೆರಡು ವಾರವಾದರೂ ಸುಳಿವಿರುವುದಿಲ್ಲ. ಇದನ್ನು ಮುಚ್ಚಿಟ್ಟು 'ಅಕ್ಟೋಬರ್ 1ಕ್ಕೆ ಖಂಡಿತ ಬರುತ್ತೇನೆ' ಎಂದು ಬರೆದು ಸಹಿ ಮಾಡಿದರೆ ಒಪ್ಪಂದ ನಿಮ್ಮನ್ನು ಕಟ್ಟಿಹಾಕುತ್ತದೆ. ಅಲ್ಲಿ ಅವಧಿ ಗೊತ್ತುಮಾಡದ ಸಾಮಾನ್ಯ ಒಪ್ಪಂದ ಬಿಡಬೇಕೆಂದರೆ ಹತ್ತಿರ ಹತ್ತಿರ ಮೂರು ತಿಂಗಳ ನೋಟಿಸ್ ಕೊಡಬೇಕು. ವೀಸಾ ಸಿಗದೆ ಮನೆಯಲ್ಲೇ ಉಳಿದವನು ಕಾಣದ ಕೋಣೆಗೆ ಒಂದು ಲಕ್ಷದ ಮೇಲೆ ಬಾಡಿಗೆ ಕಟ್ಟುವ ಪರಿಸ್ಥಿತಿ ಬರಬಹುದು.

ಮಾಲೀಕರ ಕಡೆಯಿಂದಲೂ ನೋಡಬೇಕು. ಅವರ ಚಿಂತೆ ಒಂದೇ, ಅಕ್ಟೋಬರ್‌ನಲ್ಲಿ ಕೋಣೆ ಖಾಲಿ ಬಿದ್ದರೆ ಏನು ಗತಿ? ಸೆಮಿಸ್ಟರ್ ಶುರುವಾದ ಮೇಲೆ ಬೇರೆ ವಿದ್ಯಾರ್ಥಿ ಸಿಗುವುದು ಕಷ್ಟ. ನಿಮ್ಮ ಪತ್ರ ಉತ್ತರಿಸಬೇಕಾದ್ದು ಆ ಚಿಂತೆಗೆ. ಹಾಗಾಗಿ ಅವನ ಪತ್ರದ ನಡುಭಾಗವನ್ನು ಇಬ್ಬರೂ ಕೂತು ಬದಲಿಸಿದೆವು. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

'ನನ್ನ ವೀಸಾ ಅರ್ಜಿ ಸಲ್ಲಿಕೆಯಾಗಿದೆ, ರಸೀದಿ ಜೊತೆಗಿದೆ. ನಿರ್ಧಾರ ಯಾವ ದಿನ ಬರುತ್ತದೆಂದು ನಾನು ಹೇಳಲಾರೆ. ಸೆಪ್ಟೆಂಬರ್ 15ರೊಳಗೆ ವೀಸಾ ಸಿಗದಿದ್ದರೆ ಯಾರಿಗೂ ಹೊರೆಯಾಗದಂತೆ ಒಪ್ಪಂದ ರದ್ದಾಗುತ್ತದೆ ಎಂಬ ಒಂದು ಸಾಲನ್ನು ಸೇರಿಸಲು ಕೋರುತ್ತೇನೆ. ವೀಸಾ ಸಿಕ್ಕ ದಿನವೇ ಅದರ ಪ್ರತಿ ಕಳಿಸಿ, ಡಿಪಾಸಿಟ್ಟಿನ ಮೊದಲ ಕಂತು 200 ಯೂರೋ ವರ್ಗಾಯಿಸುತ್ತೇನೆ. ನನ್ನ ವಿಮಾನ ತಡವಾದರೂ ಅಕ್ಟೋಬರ್ 1ರಿಂದಲೇ ಬಾಡಿಗೆ ಕೊಡುತ್ತೇನೆ. ಮೊದಲ ಬಾಡಿಗೆಯನ್ನು ಕೀಲಿ ಪಡೆಯುವ ದಿನ ಕೊಡುತ್ತೇನೆ. ವಿಳಾಸ ನೋಂದಣಿಗೆ ಬೇಕಾದ ಮನೆ ಮಾಲೀಕರ ದೃಢೀಕರಣ ಪತ್ರವನ್ನು ನೀವು ಕೊಡುವಿರೆಂದು ನಂಬಿದ್ದೇನೆ.'

ತಡವಾದರೂ 1ರಿಂದ ಬಾಡಿಗೆ ಎಂಬ ಮಾತು ಅವನಿಗೆ ಸರಿ ಕಾಣಲಿಲ್ಲ. 'ಇರದ ರೂಮಿಗೆ ರೊಕ್ಕ ಯಾಕ್ರಿ?' ಅಂದ. ಆದರೆ ವೀಸಾ ಸಿಕ್ಕ ಮೇಲೆ ಹತ್ತು ದಿನದ ಬಾಡಿಗೆ ಹೋದರೆ ಅದು ತಡೆದುಕೊಳ್ಳಬಹುದಾದ ನಷ್ಟ. ರದ್ದತಿಯ ಷರತ್ತು ಕೇಳುವವನು ಮಾಲೀಕರಿಗೂ ಏನಾದರೂ ಕೊಡಬೇಕಲ್ಲ.

ಪತ್ರದ ಕೊನೆಯ ಸಾಲು ಬಹಳ ಮುಖ್ಯ. ಕೋಣೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರು ಸಹಿ ಮಾಡಿದ ಆ ಕಾಗದ ಬೇಕೇ ಬೇಕು. ಅದನ್ನು ಕೊಡುವುದಿಲ್ಲ ಅನ್ನುವವರ ಕೋಣೆಯನ್ನು ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡಿ. 'ನಾನು ಬೇರೆ ದೇಶದಲ್ಲಿದ್ದೇನೆ, ಹಣ ಹಾಕಿದರೆ ಕೀಲಿ ಕೊರಿಯರ್ ಮಾಡುತ್ತೇನೆ' ಅಂದರೆ ಅದು ಮೋಸವೇ, ಉತ್ತರವನ್ನೂ ಬರೆಯಬೇಡಿ. ಖಾತೆಯ ಐಬ್ಯಾನ್ ಸಂಖ್ಯೆಯ ಮೊದಲೆರಡು ಅಕ್ಷರ ನೋಡಿ. ಜರ್ಮನಿಯ ಖಾತೆ DE ಎಂದು ಶುರುವಾಗಿ ಒಟ್ಟು 22 ಅಕ್ಷರ ಅಂಕಿಗಳಿರುತ್ತವೆ. ಮನೆ ಮ್ಯಾಗ್ಡೆಬುರ್ಗ್‌ನಲ್ಲಿ, ಖಾತೆ ಇನ್ನೊಂದು ದೇಶದಲ್ಲಿ ಅಂದರೆ ಕಾರಣ ಕೇಳಿ. ಖಾತೆಯ ಹೆಸರು ಒಪ್ಪಂದದಲ್ಲಿರುವ ಹೆಸರಿಗೆ ಹೊಂದದಿದ್ದರೂ ಕೇಳಿ. ವಿಡಿಯೋ ಕಾಲ್‌ನಲ್ಲಿ ಕೋಣೆ ತೋರಿಸಲು ಹೇಳುವುದಕ್ಕೆ ಸಂಕೋಚ ಬೇಡ.

ಹಣ ಕಳಿಸುವಾಗ ನಮ್ಮ ಬ್ಯಾಂಕಿನಲ್ಲಿ ವಿದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್, ಪ್ಯಾನ್ ಕೇಳುತ್ತಾರೆ. ವರ್ಗಾವಣೆಯ ಎಲ್ಲ ಶುಲ್ಕ ನಮ್ಮದೇ ಎಂಬ ಆಯ್ಕೆ ಗುರುತು ಮಾಡಿ, ಇಲ್ಲವಾದರೆ ನಡುವಿನ ಬ್ಯಾಂಕು ಮುರಿದುಕೊಂಡು ಮಾಲೀಕರಿಗೆ 200ರ ಬದಲು ಕಡಿಮೆ ಮುಟ್ಟುತ್ತದೆ, ಮೊದಲ ವ್ಯವಹಾರದಲ್ಲೇ ಅನುಮಾನ ಹುಟ್ಟುತ್ತದೆ. ಹಣ ಕಳಿಸಿದ್ದಕ್ಕೆ ಬ್ಯಾಂಕ್ ಕೊಡುವ ಸ್ವಿಫ್ಟ್ ಪ್ರತಿ ಕೇಳಿ ಪಡೆದು ಅವತ್ತೇ ಅವರಿಗೆ ಕಳಿಸಿ.

ಆ ಹುಡುಗನ ಪತ್ರ ಓದಿದ ರೂಮಿನ ಮಾಲಕಿ ಒಂದೇ ಒಂದು ತಿದ್ದುಪಡಿ ಕೇಳಿದರು: 15 ತಡವಾಯಿತು, ಸೆಪ್ಟೆಂಬರ್ 5 ಇರಲಿ, ಆಮೇಲೆ ಬೇರೆಯವರಿಗೆ ಕೊಡಲು ನನಗೂ ಸಮಯ ಬೇಕು. ನ್ಯಾಯವಾದ ಮಾತು, ಅವನು ಒಪ್ಪಿದ. ಎಲ್ಲರೂ ಹೀಗೆ ಒಪ್ಪುವುದಿಲ್ಲ. ಷರತ್ತೇ ಬೇಡ ಅನ್ನುವ ಮಾಲೀಕರಿದ್ದರೆ ಅವರ ಹಿಂದೆ ಬೀಳಬೇಡಿ. ಇಂಟರ್ನ್‌ಶಿಪ್‌ಗೆ ಊರು ಬಿಟ್ಟ ವಿದ್ಯಾರ್ಥಿಗಳು ತಮ್ಮ ಕೋಣೆಯನ್ನು ಒಂದೆರಡು ತಿಂಗಳಿಗೆ ಕೊಡುತ್ತಾರೆ, ವೀಸಾ ಬಂದ ಮೇಲೆ ಅದನ್ನು ಹಿಡಿಯಿರಿ. ಆಗಲೂ ಮೂಲ ಮಾಲೀಕರ ಒಪ್ಪಿಗೆ ಇದೆಯೇ, ನೋಂದಣಿಯ ಕಾಗದ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಅಲ್ಲಿ ಉಳಿದು ನಾಲ್ಕು ಕೋಣೆಗಳನ್ನು ಕಣ್ಣಾರೆ ನೋಡಿ ಕಾಯಂ ಮನೆ ಗೊತ್ತುಮಾಡಬಹುದು.