ಬಿಲ್ಲುಗಳನ್ನು ತಂತಿ ಸಮೇತ ತನ್ನಿ

2025ರ ಜುಲೈ ನೆನಪಿದೆಯಲ್ವಾ? ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದ ತಿಂಗಳು. ಕ್ಯೂಆರ್ ಕೋಡ್ ಕಿತ್ತುಹಾಕಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಬೋರ್ಡ್ ನೇತುಹಾಕಿದ್ದರು. ಆ ಗಲಾಟೆಯ ನಡುವೆ ಒಂದು ಸಂಜೆ ಒಬ್ಬ ಕಾಂಡಿಮೆಂಟ್ಸ್ ಅಂಗಡಿ ಯಜಮಾನರು ನನ್ನ ಆಫೀಸಿಗೆ ಬಂದರು. ಅವರಿಗೆ ನೋಟಿಸ್ ಬಂದಿರಲಿಲ್ಲ. ಪಕ್ಕದ ಬೀದಿಯವರಿಗೆ ಬಂದಿತ್ತು, ಇವರಿಗೆ ನಿದ್ದೆ ಹೋಗಿತ್ತು.

ಕೈಯಲ್ಲೊಂದು ಬಟ್ಟೆ ಚೀಲ. ಅದರಿಂದ ಒಂದು ಕಬ್ಬಿಣದ ತಂತಿ ತೆಗೆದು ಟೇಬಲ್ ಮೇಲಿಟ್ಟರು. ವರ್ಷದ ಬಿಲ್ಲುಗಳೆಲ್ಲ ಅದಕ್ಕೇ ಚುಚ್ಚಿದ್ದವು. ಎಷ್ಟೋ ಬಿಲ್ಲುಗಳಲ್ಲಿ ತೂತು ಸರಿಯಾಗಿ ಮೊತ್ತದ ಮೇಲೇ ಬಿದ್ದಿತ್ತು. ಮೆಷಿನ್‌ನಲ್ಲಿ ಬರುವ ತೆಳು ಕಾಗದದ ಬಿಲ್ಲುಗಳು ಮಾಸಿ ಬರೀ ಬಿಳಿ ಹಾಳೆಯಾಗಿದ್ದವು. ಹಾಲಿನ ಲೆಕ್ಕ ಕ್ಯಾಲೆಂಡರ್ ಹಿಂದೆ ಇತ್ತು, ದಿನಕ್ಕೆ ಎಷ್ಟು ಕ್ರೇಟ್ ಅಂತ ಗೀಟು ಹಾಕಿ.

“ಮೇಡಂ, ಒಂದೇ ಕೇಳ್ತೀನಿ. ನಾನು ನಲವತ್ತು ಲಕ್ಷ ದಾಟಿದೀನಾ, ಇಲ್ವಾ?”

ಇದು ಬಹಳ ಸರಿಯಾದ ಪ್ರಶ್ನೆ. ಸರಕು ಮಾರುವವರ ವಹಿವಾಟು ಒಂದು ಹಣಕಾಸು ವರ್ಷದಲ್ಲಿ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸೇವೆ ಕೊಡುವವರಿಗೆ ಆ ಮಿತಿ 20 ಲಕ್ಷ. ಉತ್ತರ ಹೌದೋ ಅಲ್ಲವೋ ಅಂತ ಅರ್ಧ ನಿಮಿಷದಲ್ಲಿ ಹೇಳಬಹುದಾಗಿತ್ತು. ಅದಕ್ಕೆ ನಮಗೆ ಒಂಬತ್ತು ದಿನ ಹಿಡಿಯಿತು. ಇವತ್ತಿನ ಈ ಉದ್ದದ ಬರಹ ಆ ಒಂಬತ್ತು ದಿನಗಳ ಬಗ್ಗೆ. ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ, ಅವರ ಗುರುತು ಸಿಗಬಾರದು ಅಂತ.

2024-25ರಲ್ಲಿ ಅವರ ಬ್ಯಾಂಕ್ ಖಾತೆಗೆ ಬಂದ ಒಟ್ಟು ಹಣ 46 ಲಕ್ಷದ 80 ಸಾವಿರ. ಹೊರಗಿನಿಂದ ನೋಡುವವರಿಗೆ ಕಾಣುವುದು ಇದೊಂದೇ. ಆದರೆ ಖಾತೆಗೆ ಬಂದದ್ದೆಲ್ಲ ಮಾರಾಟ ಅಲ್ಲ. ಒಂದೊಂದು ಸಾಲಾಗಿ ಕೂತು ಕೇಳಿದೆವು. ಚೀಟಿ ಎತ್ತಿದ್ದು 2 ಲಕ್ಷ. ಹೆಂಡತಿ ಸಂಘದಲ್ಲಿ ತೆಗೆದ ಸಾಲ 1 ಲಕ್ಷ. ಅಣ್ಣ ಮಗನ ಕಾಲೇಜು ಫೀಸಿಗೆ ಅಂತ ಇವರ ಖಾತೆಗೆ ಹಾಕಿದ್ದು 80 ಸಾವಿರ. ‘ಅಣ್ಣಾ, ಐನೂರು ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡಿ’ ಅಂತ ಬರುವವರು ಇರುತ್ತಾರಲ್ಲ, ಅವರದ್ದು ಮತ್ತು ವಾಪಸ್ ಬಂದ ಪೇಮೆಂಟುಗಳು ಸೇರಿ 1 ಲಕ್ಷ 60 ಸಾವಿರ. ಒಟ್ಟು 5 ಲಕ್ಷ 40 ಸಾವಿರ ವ್ಯಾಪಾರವೇ ಅಲ್ಲ. ಅದನ್ನು ಕಳೆದರೆ 41 ಲಕ್ಷ 40 ಸಾವಿರ.

ಅದಕ್ಕೆ ಗಲ್ಲಾಪೆಟ್ಟಿಗೆಯ ಕ್ಯಾಶ್ ಮಾರಾಟ ಸೇರಿಸಬೇಕು. “ಅದು ಯಾಕೆ ಮೇಡಂ, ಅದು ಎಲ್ಲೂ ಕಾಣಲ್ಲ” ಅಂದರು. ಕಾಣಲಿ ಬಿಡಲಿ, ಮಾರಾಟ ಮಾರಾಟವೇ. ಕ್ಯೂಆರ್ ಕಿತ್ತವರು ಮರೆತದ್ದು ಇದನ್ನೇ. ಕಾನೂನಿಗೆ ವಹಿವಾಟು ಅಂದರೆ ಕ್ಯಾಶ್, ಕ್ಯೂಆರ್ ಎರಡೂ. ಜೊತೆಗೆ ನಿಮಗೆ ಮಾಲು ಹಾಕಿದ ಡಿಸ್ಟ್ರಿಬ್ಯೂಟರ್ ಪುಸ್ತಕದಲ್ಲಿ ನಿಮ್ಮ ಖರೀದಿ ಇದ್ದೇ ಇರುತ್ತೆ. ಖರೀದಿಯಿಂದ ಲೆಕ್ಕ ಹಾಕಿ ನೋಡಿದಾಗ ಕ್ಯಾಶ್ ಮಾರಾಟ ಸುಮಾರು 6 ಲಕ್ಷ 60 ಸಾವಿರಕ್ಕೆ ಬಂತು. ಒಟ್ಟು 48 ಲಕ್ಷ.

ಇಲ್ಲಿ ಅವರ ಮುಖ ಗೆಲುವಾಯಿತು. “ಹಾಗಾದ್ರೆ ಹಾಲು ತೆಗೀರಿ. ಹಾಲಿಗೆ ಜಿಎಸ್‌ಟಿ ಇಲ್ಲವಲ್ಲ!”

ನಿಜ, ಹಾಲಿನ ಪ್ಯಾಕೆಟ್‌ಗೂ ಬ್ರೆಡ್ಡಿಗೂ ಜಿಎಸ್‌ಟಿ ಇಲ್ಲ. (ಅದೇ ಕ್ರೇಟಿನ ಪಕ್ಕದಲ್ಲಿರುವ ಮೊಸರಿನ ಪ್ಯಾಕೆಟ್‌ಗೆ ಇದೆ, ಶೇ 5. ಯಾಕೆ ಅಂತ ನನ್ನನ್ನು ಕೇಳಬೇಡಿ.) ಹಾಲು, ಬ್ರೆಡ್ಡು ಎರಡೂ ಸೇರಿ ಅವರದ್ದು 17 ಲಕ್ಷ. ಆದರೆ ನೋಂದಣಿ ಬೇಕೋ ಬೇಡವೋ ಅಂತ ನೋಡುವಾಗ ತೆರಿಗೆ ಇಲ್ಲದ ಸರಕಿನ ಮಾರಾಟವನ್ನೂ ಸೇರಿಸಬೇಕು. ಬರೀ ಹಾಲು, ಬರೀ ಸೊಪ್ಪು ತರಕಾರಿ ಮಾರುವವರು ಎಷ್ಟು ಕೋಟಿ ಮಾರಿದರೂ ನೋಂದಣಿ ಬೇಡ. ಅದರ ಜೊತೆ ಬಿಸ್ಕೆಟ್, ಚಿಪ್ಸ್, ಕೂಲ್‌ಡ್ರಿಂಕ್ಸ್ ಇಟ್ಟ ಕೂಡಲೇ ಎಲ್ಲವೂ ಒಂದೇ ಲೆಕ್ಕಕ್ಕೆ ಬರುತ್ತೆ. ಸಣ್ಣ ಅಂಗಡಿಯವರು ಎಡವುವುದು ಜಾಸ್ತಿ ಇಲ್ಲೇ. ತೆರಿಗೆ ಬೀಳುವ ಮಾಲು ಬರೀ 31 ಲಕ್ಷದ್ದು, ಆದರೂ ಅವರು ಮಿತಿ ದಾಟಿದ್ದರು.

ಮುಂದಿನ ಪ್ರಶ್ನೆ: ದಾಟಿದ್ದು ಯಾವಾಗ? ತಿಂಗಳಿಗೆ ಹೆಚ್ಚುಕಡಿಮೆ 4 ಲಕ್ಷ ವ್ಯಾಪಾರ. ಅಂದರೆ 2025ರ ಜನವರಿ ಕೊನೆಗೆ ನಲವತ್ತು ತುಂಬಿತು. ಅಲ್ಲಿಂದ 30 ದಿನದೊಳಗೆ ಅರ್ಜಿ ಹಾಕಬೇಕಿತ್ತು. ಹಾಕಿ, ಸಣ್ಣ ವ್ಯಾಪಾರಿಗಳು ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮ್ ಆರಿಸಿಕೊಂಡಿದ್ದರೆ, ಅವರಂಥ ವ್ಯಾಪಾರಿಗೆ ತೆರಿಗೆ ಬೀಳುವ ಮಾರಾಟದ ಮೇಲೆ ಶೇ 1 ಮಾತ್ರ. ಹಾಲಿನ ಮೇಲೆ ಅದೂ ಇಲ್ಲ. ಫೆಬ್ರವರಿಯಿಂದ ಜುಲೈವರೆಗೆ ಆರು ತಿಂಗಳಲ್ಲಿ ತೆರಿಗೆ ಬೀಳುವ ಮಾರಾಟ ಸುಮಾರು ಹದಿನೈದೂವರೆ ಲಕ್ಷ. ಶೇ 1 ಅಂದರೆ 15,500 ರೂಪಾಯಿ.

ಆದರೆ ನೋಂದಣಿ ಇಲ್ಲದೆ ಕಳೆದ ತಿಂಗಳಿಗೆ ಕಾಂಪೊಸಿಷನ್ ಸಿಗಲ್ಲ. ಆ ಸರಕಿಗೆ ಏನು ದರವೋ ಅದೇ ಬೀಳುತ್ತೆ. ಆಗ ಕೆಲವಕ್ಕೆ 5, ಕೆಲವಕ್ಕೆ 12, ಬಿಸ್ಕೆಟ್‌ಗೆ 18, ಕೂಲ್‌ಡ್ರಿಂಕ್ಸ್‌ಗೆ 28 ಇತ್ತು. ಸರಾಸರಿ 12 ಅಂತ ಮೆತ್ತಗೆ ಹಿಡಿದರೂ 1 ಲಕ್ಷ 86 ಸಾವಿರ. ಅದರ ಮೇಲೆ ವರ್ಷಕ್ಕೆ ಶೇ 18 ಬಡ್ಡಿ, ದಂಡ ಬೇರೆ. ಹದಿನೈದು ಸಾವಿರಕ್ಕೂ ಇದಕ್ಕೂ ಇರುವ ಅಂತರ ನೋಡಿ. ಅವರು ಯಾರಿಗೂ ಮೋಸ ಮಾಡಿರಲಿಲ್ಲ. ಜನವರಿ ಯಾವಾಗ ಬಂತು ಹೋಯಿತು ಅಂತ ಗೊತ್ತಾಗಲಿಲ್ಲ, ಅಷ್ಟೇ.

ಆ ಸಲ ಗಲಾಟೆ ಜೋರಾಗಿ ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಸಭೆ ಕರೆದು ಹಳೇ ಬಾಕಿಯ ಬಗ್ಗೆ ಸಮಾಧಾನದ ಮಾತಾಡಿದರು. ಪ್ರತಿ ಸಲ ಹಾಗಾಗುತ್ತೆ ಅಂತ ನಾನು ನನ್ನ ಕಕ್ಷಿದಾರರಿಗೆ ಹೇಳಲಾರೆ.

ಈಗ ನನ್ನ ಕೆಲಸದ ಮಾತು. ನಾನು ಚಾರ್ಟರ್ಡ್ ಅಕೌಂಟೆಂಟ್. ನಮ್ಮ ವೃತ್ತಿಯ ನಿಯಮದಲ್ಲಿ ಜಾಹೀರಾತು ಹಾಕಿ ಗಿರಾಕಿ ಕರೆಯುವುದಕ್ಕೆ ಕಟ್ಟುಪಾಡಿದೆ. ಹಾಗಾಗಿ ಇಲ್ಲಿ ಫರ್ಮ್ ಹೆಸರು, ಫೋನ್ ನಂಬರು, ‘ಇಂದೇ ಸಂಪರ್ಕಿಸಿ’ ಏನೂ ಇಲ್ಲ. ನಿಮ್ಮೂರಲ್ಲೇ ಒಬ್ಬ ಸಿಎ ಇರುತ್ತಾರೆ, ಅವರ ಹತ್ತಿರ ಹೋಗಿ. ಆದರೆ ಹೋಗಿ ಏನು ಕೇಳಬೇಕು ಅನ್ನೋದು ಗೊತ್ತಿರಲಿ. ‘ರಿಟರ್ನ್ ಫೈಲ್ ಮಾಡಿಕೊಡಿ’ ಅಂತ ಮಾತ್ರ ಕೇಳಬೇಡಿ. ‘ತಿಂಗಳು ತಿಂಗಳು ಲೆಕ್ಕ ಬರೆದುಕೊಡಿ’ ಅಂತ ಕೇಳಿ. ರಿಟರ್ನ್ ಅದರಿಂದ ತಾನಾಗೇ ಬರುತ್ತೆ.

ಆ ಯಜಮಾನರಿಗೆ ನಾವು ಈಗ ಮಾಡುವುದು ಇಷ್ಟು. ಕ್ಯೂಆರ್‌ಗೆ ಒಂದು ಕರೆಂಟ್ ಅಕೌಂಟ್ ತೆಗೆಸಿದೆವು. ಚೀಟಿ, ಸಾಲ, ಅಣ್ಣನ ಮಗ ಎಲ್ಲ ಹಳೇ ಖಾತೆಯಲ್ಲೇ. ಭಾನುವಾರ ಮಧ್ಯಾಹ್ನ ಅವರ ಮಗಳು ವಾರದ ಬಿಲ್ಲುಗಳ ಫೋಟೊ ವಾಟ್ಸ್ಯಾಪ್ ಮಾಡುತ್ತಾಳೆ, ಮಾಸುವ ಮೊದಲೇ. ತಿಂಗಳ ಮೊದಲ ವಾರ ನಾವು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಗುರುತು ಸಿಗದ ಸಾಲುಗಳಿಗೆ ಬಣ್ಣ ಹಚ್ಚಿ ಕಳಿಸುತ್ತೇವೆ. ಹತ್ತು ಹನ್ನೆರಡು ಇರುತ್ತವೆ. ಅವು ಇನ್ನೂ ನೆನಪಲ್ಲಿರುತ್ತವೆ, ಫೋನಿನಲ್ಲೇ ಹೇಳಿ ಮುಗಿಸುತ್ತಾರೆ. ಹೋದ ವರ್ಷದ್ದು ಹಾಗೆ ನೆನಪಲ್ಲಿರಲಿಲ್ಲ, ಒಂಬತ್ತು ದಿನ ಹಿಡಿದಿದ್ದು ಅದಕ್ಕೇ.

ಕಷ್ಟ ಅನ್ನಿಸಿದ್ದು ಕ್ಯಾಶ್ ಮಾರಾಟ. ಪ್ರತಿ ಐದು ರೂಪಾಯಿ ಬರೆಯಲು ಯಾರಿಂದಲೂ ಆಗಲ್ಲ. ಅದಕ್ಕೊಂದು ಹಳೇ ಉಪಾಯ ಇದೆ. ಬೆಳಿಗ್ಗೆ ಗಲ್ಲಾಪೆಟ್ಟಿಗೆಯಲ್ಲಿ 1,500 ಇತ್ತು. ರಾತ್ರಿ ಎಣಿಸಿದಾಗ 1,350. ನಡುವೆ ಚಿಪ್ಸ್ ಲೈನ್‌ನವರಿಗೆ ಕೊಟ್ಟಿದ್ದು 1,400, ಮನೆಗೆ ತರಕಾರಿಗೆ ತೆಗೆದದ್ದು 600. ರಾತ್ರಿ ಉಳಿದದ್ದಕ್ಕೆ ಕೊಟ್ಟಿದ್ದನ್ನೆಲ್ಲ ಸೇರಿಸಿ, ಬೆಳಗಿನದ್ದು ಕಳೆಯಿರಿ. 1,850. ಆ ದಿನದ ಕ್ಯಾಶ್ ಮಾರಾಟ ಅಷ್ಟೇ. ನಾಲ್ಕು ಅಂಕಿ, ಒಂದು ನೋಟ್‌ಬುಕ್, ಶಟರ್ ಎಳೆಯುವ ಮುಂಚೆ ಎರಡು ನಿಮಿಷ. ಕ್ಯಾಶ್ ಕೊಟ್ಟು ಯುಪಿಐ ತಗೊಂಡಿದ್ದರೆ ಅದನ್ನೂ ಕೊಟ್ಟ ಹಣದ ಜೊತೆ ಸೇರಿಸಿ ಬರೆಯಿರಿ, ಬದಲಿಗೆ ಬಂದ ಯುಪಿಐ ಹಣವನ್ನು ಮಾತ್ರ ಮಾರಾಟಕ್ಕೆ ಸೇರಿಸಬೇಡಿ. ಮೊದಲ ತಿಂಗಳು ಮನೆಗೆ ತೆಗೆದ ಹಣ ಬರೆಯಲು ಮರೆಯುತ್ತಾರೆ. ಆಗ ಕೆಲವು ದಿನ ಕ್ಯಾಶ್ ಮಾರಾಟ ಮೈನಸ್ ಬರುತ್ತೆ. ಮೈನಸ್ ಕಂಡರೆ ಏನೋ ಬರೆಯದೆ ಬಿಟ್ಟಿದ್ದಾರೆ ಅಂತ ನಮಗೆ ಗೊತ್ತಾಗುತ್ತೆ.

ಇದಿಷ್ಟು ಇದ್ದರೆ ಉಳಿದದ್ದು ಸುಲಭ. ಕಾಂಪೊಸಿಷನ್‌ನವರು ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಹಾಕಿ, ಮುಂದಿನ ತಿಂಗಳ 18ರೊಳಗೆ ದುಡ್ಡು ಕಟ್ಟಬೇಕು. ವರ್ಷಕ್ಕೊಂದು ಜಿಎಸ್‌ಟಿಆರ್-4. ಆದಾಯ ತೆರಿಗೆಯಲ್ಲಿ ಅವರು, ಮಾರಾಟದ ಇಂತಿಷ್ಟು ಪಾಲನ್ನು ಲಾಭ ಅಂತ ತೋರಿಸುವ 44ಎಡಿ ಸೆಕ್ಷನ್ ಪ್ರಕಾರ ಹೋದರು. ಡಿಜಿಟಲ್ ಆಗಿ ಬಂದ ಮಾರಾಟಕ್ಕೆ ಕನಿಷ್ಠ ಶೇ 6, ಕ್ಯಾಶ್‌ಗೆ ಶೇ 8 ಲಾಭ ತೋರಿಸಬೇಕು. 41.40 ಲಕ್ಷಕ್ಕೆ 2,48,400, ಕ್ಯಾಶ್‌ಗೆ 52,800, ಒಟ್ಟು 3,01,200. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇತ್ತು, ಜಾಸ್ತಿಯನ್ನೇ ತೋರಿಸಿದೆವು. ಆದರೂ ಹೊಸ ಪದ್ಧತಿಯಲ್ಲಿ ರಿಬೇಟ್ ಸಿಕ್ಕಿ ಕಟ್ಟಬೇಕಾದ ಆದಾಯ ತೆರಿಗೆ ಸೊನ್ನೆ. ಕ್ಯೂಆರ್‌ಗೆ ಹೆದರಿದವರಿಗೆ ಇದನ್ನು ತೋರಿಸಬೇಕು ಅನ್ನಿಸುತ್ತೆ: ಅದೇ ಮಾರಾಟ ಕ್ಯಾಶ್‌ನಲ್ಲಿ ಬಂದಿದ್ದರೆ ತೋರಿಸಬೇಕಾದ ಕನಿಷ್ಠ ಲಾಭವೇ ಜಾಸ್ತಿ.

ಕಾಂಪೊಸಿಷನ್ ಎಲ್ಲರಿಗೂ ಅಲ್ಲ. ಬಿಲ್ಲಿನಲ್ಲಿ ಗಿರಾಕಿಯಿಂದ ತೆರಿಗೆ ತಗೊಳ್ಳುವ ಹಾಗಿಲ್ಲ, ಹೊರರಾಜ್ಯಕ್ಕೆ ಮಾರುವ ಹಾಗಿಲ್ಲ, ಖರೀದಿಯಲ್ಲಿ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ. ಮನೆಯವರಿಗೆ ಬಿಸ್ಕೆಟ್ ಮಾರುವವರಿಗೆ ಸರಿ. ಕಂಟ್ರಾಕ್ಟರ್‌ಗಳಿಗೆ ಪೇಂಟ್, ಪೈಪು ಮಾರುವವರು ಇದಕ್ಕೆ ಹೋದರೆ ಗಿರಾಕಿ ‘ಟ್ಯಾಕ್ಸ್ ಬಿಲ್ ಕೊಡಿ’ ಅಂತ ಕೇಳಿ, ಸಿಗದೆ ಪಕ್ಕದ ಅಂಗಡಿಗೆ ಹೋಗುತ್ತಾನೆ.

ನೋಂದಣಿ ಮಾಡಿಸುವಾಗ ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಅರ್ಜಿಯಲ್ಲಿ ನಿಮ್ಮ ಮೊಬೈಲ್, ನಿಮ್ಮ ಇಮೇಲ್ ಇರಬೇಕು. ಮಾಡಿಸಿಕೊಟ್ಟವರು ತಮ್ಮ ನಂಬರ್ ಹಾಕಿಕೊಂಡರೆ ಒಟಿಪಿ, ನೋಟಿಸ್ ಎಲ್ಲ ಅವರಿಗೇ ಹೋಗುತ್ತೆ. ಅವರು ಅಂಗಡಿ ಮುಚ್ಚಿಕೊಂಡು ಹೋದರೆ ನಿಮಗೆ ರಿಟರ್ನ್ ಬಾಕಿ ಇದೆ ಅಂತಲೂ ತಿಳಿಯಲ್ಲ. ಇಂಥ ಮೂವರು ಈ ವರ್ಷ ನನ್ನ ಬಳಿಗೇ ಬಂದಿದ್ದಾರೆ. ನೋಂದಣಿಗೆ ಸರಕಾರಿ ಶುಲ್ಕ ಒಂದು ರೂಪಾಯಿಯೂ ಇಲ್ಲ, ಕೊಡುವುದು ಮಾಡಿಕೊಡುವವರ ಫೀಸು ಮಾತ್ರ. ಆ ಫೀಸು ತಿಂಗಳಿಗೆ ಇಷ್ಟು ಅಂತಿರಲಿ. ‘ಉಳಿಸಿಕೊಟ್ಟ ತೆರಿಗೆಯಲ್ಲಿ ಇಷ್ಟು ಪರ್ಸೆಂಟ್’ ಅನ್ನುವವರ ಹತ್ತಿರ ಲೆಕ್ಕ ಕೊಡಬೇಡಿ.

ಈಗಾಗಲೇ ವರ್ಷದ ಲೆಕ್ಕ ಬಾಕಿ ಇದೆ, ಚೀಲದಲ್ಲಿ ತುಂಬಿಕೊಂಡು ಹೋಗೋಣ ಅಂತಿದ್ದರೆ, ಬಿಲ್ಲುಗಳನ್ನು ತಂತಿಯಿಂದ ಕಿತ್ತು ಜೋಡಿಸಲು ಹೋಗಬೇಡಿ. ತಂತಿ ಸಮೇತ ತನ್ನಿ. ಕೆಳಗಿರುವುದು ಏಪ್ರಿಲ್, ಮೇಲಿರುವುದು ಮಾರ್ಚ್. ದಿನಾಂಕ ಮಾಸಿಹೋದ ಬಿಲ್ಲು ಯಾವ ತಿಂಗಳದ್ದು ಅಂತ ನಮಗೆ ತಿಳಿಯೋದು ಅದರಿಂದಲೇ.