ದುಡ್ಡು ಕಟ್ ಆಗಿದೆ, ಅವರಿಗೆ ಮುಟ್ಟಿಲ್ಲ

"ಯುಪಿಐನಲ್ಲಿ ಕಳಿಸಿದೆ, ನನ್ನ ಖಾತೆಯಲ್ಲಿ ಕಟ್ ಆಯ್ತು, ಅವರಿಗೆ ಬಂದಿಲ್ಲ. ಇನ್ನೊಂದ್ಸಲ ಹಾಕಲಾ?"

ಬೇಡ, ಸ್ವಲ್ಪ ತಡೀರಿ. ಯುಪಿಐನಲ್ಲಿ ಮೊದಲು ನಿಮ್ಮ ಬ್ಯಾಂಕ್ ದುಡ್ಡು ಕಡಿಯುತ್ತದೆ. ಆಮೇಲೆ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಮೂಲಕ ಅವರ ಬ್ಯಾಂಕಿಗೆ "ಜಮಾ ಮಾಡು" ಅಂತ ಸಂದೇಶ ಹೋಗುತ್ತದೆ. ಅಲ್ಲಿಂದ ಉತ್ತರ ಬಾರದಿದ್ದರೆ ದುಡ್ಡು ನಡುವೆ ನಿಲ್ಲುತ್ತದೆ. ಆಗ ಅವರ ಬ್ಯಾಂಕ್ ಒಂದೋ ಜಮಾ ಮಾಡಬೇಕು, ಇಲ್ಲ ವಾಪಸ್ ಕಳಿಸಬೇಕು.

ಸಿಂಧನೂರಿನಲ್ಲಿ ಭತ್ತ ಕೊಯ್ಯುವ ಮಷಿನ್‌ನವರಿಗೆ ನಾನು ಶನಿವಾರ ಸಂಜೆ 6,000 ಹಾಕಿದ್ದೆ. ಅವರು ಗದ್ದೆ ಬದುವಿನ ಮೇಲೆ ನಿಂತು ಫೋನ್ ನೋಡ್ತಾನೇ ಇದ್ದರು, ನನಗಂತೂ ಮುಜುಗರ. ಆ್ಯಪ್‌ನಲ್ಲಿದ್ದ 12 ಅಂಕಿಯ ಯುಟಿಆರ್, ಅಂದರೆ ಆ ವಹಿವಾಟಿನ ಗುರುತಿನ ನಂಬರ್ ಅವರಿಗೆ ಕಳಿಸಿದೆ. ಮೆಸೇಜ್ ಬಾರದೇ ದುಡ್ಡು ಮಾತ್ರ ಬಂದಿರುವುದೂ ಉಂಟು, ಹಾಗಾಗಿ ಅವರ ಸ್ಟೇಟ್‌ಮೆಂಟಿನಲ್ಲಿ ಆ ನಂಬರ್ ಹುಡುಕಬೇಕು. ಇರಲಿಲ್ಲ. ಭಾನುವಾರ ಮಧ್ಯಾಹ್ನ ನನ್ನ ಖಾತೆಗೇ ವಾಪಸ್ ಬಂತು.

2019ರ ಆರ್‌ಬಿಐ ನಿಯಮದ ಪ್ರಕಾರ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದು ಮುಟ್ಟದಿದ್ದರೆ ಮರುದಿನದೊಳಗೆ ವಾಪಸ್ ಆಗಬೇಕು. ಲೆಕ್ಕ ಕ್ಯಾಲೆಂಡರ್ ದಿನದ್ದು, ರಜೆ ನೆಪ ನಡೆಯಲ್ಲ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಂಗಡಿಗೆ ಕಟ್ಟಿದ್ದಾದರೆ ಐದು ದಿನ ಗಡುವು.

ಅದೂ ಮೀರಿದರೆ ಆ್ಯಪ್‌ನಲ್ಲಿ ಅದೇ ವಹಿವಾಟು ತೆರೆದು ದೂರು ಹಾಕಿ, ಬ್ಯಾಂಕಿಗೂ ಬರೆದು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಗೂಗಲ್‌ನಲ್ಲಿ ಸಿಗುವ ಕಸ್ಟಮರ್ ಕೇರ್ ನಂಬರಿಗೆ ಮಾತ್ರ ಸುಮ್ನೆ ಫೋನ್ ಮಾಡಬೇಡಿ, ಅದರಲ್ಲಿ ಮೋಸದವರೂ ಇರ್ತಾರೆ.