ಡಾಲರ್ ಠೇವಣಿಗೆ ಬಡ್ಡಿ ಐದು, ರೂಪಾಯಿ ಠೇವಣಿಗೆ ಏಳು: ಹಾಗಾದರೆ ಯಾವುದು ಹೆಚ್ಚು?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗ ಮಕ್ಕಳು ಹೊರದೇಶದಲ್ಲಿ ಇರುವ ಮನೆಗಳು ಬೇಕಾದಷ್ಟಿವೆ. ಅವರು ಉಳಿಸಿದ ಡಾಲರನ್ನು ಊರಿನ ಬ್ಯಾಂಕಿನಲ್ಲಿ ಇಡುವಾಗ ಜಗಲಿಯ ಮೇಲೆ ನಡೆಯುವ ಚರ್ಚೆ ಮಾತ್ರ ಎಲ್ಲ ಕಡೆಯೂ ಒಂದೇ. ಬ್ಯಾಂಕಿನವರು ಎರಡು ದರ ಹೇಳಿರುತ್ತಾರೆ. ಡಾಲರಿನಲ್ಲೇ ಇಟ್ಟರೆ, ಅಂದರೆ ಎಫ್‌ಸಿಎನ್‌ಆರ್ ಠೇವಣಿಗೆ, ಇಷ್ಟು. ರೂಪಾಯಿಗೆ ಬದಲಿಸಿ ಎನ್‌ಆರ್‌ಇ ಠೇವಣಿ ಮಾಡಿದರೆ ಇಷ್ಟು. ಎರಡನೆಯದು ಸಾಮಾನ್ಯವಾಗಿ ದೊಡ್ಡದಿರುತ್ತದೆ, ಹಿರಿಯರು ಅದನ್ನೇ ಹಿಡಿಯುತ್ತಾರೆ. ಕಿರಿಯರು "ಡಾಲರ್ ಯಾವತ್ತೂ ಏರೋದೇ, ಅಲ್ಲೇ ಇರ್ಲಿ" ಅನ್ನುತ್ತಾರೆ. ನನ್ನ ಪ್ರಕಾರ ಇಬ್ಬರೂ ಅರ್ಧ ಲೆಕ್ಕವನ್ನಷ್ಟೇ ಮಾಡುತ್ತಿದ್ದಾರೆ.

ಬ್ಯಾಂಕಿನ ಕೌಂಟರಿನಲ್ಲಿ ಬಹಳ ವರ್ಷ ಕೂತವನು ನಾನು. ಈಚೆಗೆ ತೀರ್ಥಹಳ್ಳಿ ಕಡೆಯ ನಮ್ಮ ನೆಂಟರೊಬ್ಬರು ಇದೇ ಪ್ರಶ್ನೆ ತಂದರು. ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ, ಇಡಬೇಕಾದ್ದು 20,000 ಡಾಲರ್. "ಭಾವ, ಐದಕ್ಕಿಂತ ಏಳು ದೊಡ್ಡದಲ್ವಾ, ಇದ್ರಲ್ಲಿ ಕೇಳೋದೇನಿದೆ?" ಅಂದರು. ಅವರ ಎದುರಿಗೇ ಒಂದು ಹಾಳೆ ತೆಗೆದು ಬರೆದೆ. ಅರ್ಥವಾಗಲಿ ಅಂತ ದುಂಡಗಿನ ಅಂಕಿ ಹಿಡಿದೆವು: ಇಡುವ ದಿನ ಡಾಲರಿಗೆ 83 ರೂಪಾಯಿ, ಒಂದು ವರ್ಷ ಕಳೆದ ಮೇಲೆ 85.50.

ಡಾಲರ್ ಠೇವಣಿ ಮೊದಲು. 20,000ಕ್ಕೆ ಶೇಕಡಾ 5 ಬಡ್ಡಿ ಸೇರಿ 21,000 ಡಾಲರ್. ಇಟ್ಟ ದಿನ ಆ 20,000 ಡಾಲರಿನ ರೂಪಾಯಿ ಬೆಲೆ 16,60,000. ತೆಗೆಯುವ ದಿನ 21,000ಕ್ಕೆ 85.50ರಂತೆ 17,95,500. ಹೆಚ್ಚಿದ್ದು 1,35,500 ರೂಪಾಯಿ, ಅಂದರೆ ಶೇಕಡಾ 8.16. ಇದರಲ್ಲಿ ಬಡ್ಡಿಯ ಪಾಲು 5, ಡಾಲರ್ ಏರಿದ್ದರ ಪಾಲು ಸುಮಾರು 3.01. ಕೂಡಿದರೆ 8.01 ಆಗಬೇಕಿತ್ತು. ಉಳಿದ 0.15 ಎಲ್ಲಿಂದ ಬಂತು? ಬಡ್ಡಿಯಾಗಿ ಬಂದ ಆ 1,000 ಡಾಲರಿಗೂ ಏರಿದ ದರವೇ ಸಿಕ್ಕಿತಲ್ಲ, ಅಲ್ಲಿಂದ. ಅದಕ್ಕೇ ಎರಡು ಶೇಕಡಾವಾರನ್ನು ಕೂಡಬಾರದು, ಗುಣಿಸಬೇಕು: 1.05 × 1.0301. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಕ್ವಿಂಟಾಲ್ ಆಯಿತು ಅನ್ನುವುದು ಒಂದು, ಮಂಡಿಯಲ್ಲಿ ದರ ಏನಿದೆ ಅನ್ನುವುದು ಇನ್ನೊಂದು, ಕೈಗೆ ಬರುವ ದುಡ್ಡು ಎರಡರ ಗುಣಾಕಾರ.

ಈಗ ರೂಪಾಯಿ ಠೇವಣಿ. 16,60,000ಕ್ಕೆ ಶೇಕಡಾ 7 ಸೇರಿ 17,76,200. ರೂಪಾಯಿಯಲ್ಲಿ ನೋಡಿದರೆ ಏಳೇ ಸಿಕ್ಕಿತು. ಆದರೆ ಮಗಳು ಅದನ್ನು ವಾಪಸ್ ಅಮೆರಿಕಕ್ಕೆ ತರಿಸಿಕೊಂಡರೆ? 85.50ರಿಂದ ಭಾಗಿಸಿದರೆ 20,774 ಡಾಲರ್, ಲಾಭ ಶೇಕಡಾ 3.87. ಠೇವಣಿ ಒಂದೇ, ಆದರೆ ತೀರ್ಥಹಳ್ಳಿಯ ಅಪ್ಪನಿಗೆ ಅದು ಏಳು, ಅಲ್ಲಿರುವ ಮಗಳಿಗೆ ನಾಲ್ಕೂ ಇಲ್ಲ. ನನ್ನ ನೆಂಟರು ಇಲ್ಲಿ ಪೆನ್ನು ಕೆಳಗಿಟ್ಟು "ಮತ್ತೆ ಬ್ಯಾಂಕಿನವರು ಇದನ್ನ ಹೇಳಲೇ ಇಲ್ಲವಲ್ಲ" ಅಂದರು.

ಇನ್ನೂ ಒಂದು ಪೆಟ್ಟು ಉಂಟು. ಟಿವಿಯಲ್ಲಿ ತೋರಿಸುವ ಡಾಲರ್ ದರ ನಮಗೆ ಸಿಗುವುದಿಲ್ಲ. ಬ್ಯಾಂಕು ನಮ್ಮಿಂದ ಡಾಲರ್ ಕೊಳ್ಳುವ ದರ ಅದಕ್ಕಿಂತ ಕಡಿಮೆ, ನಮಗೆ ಮಾರುವ ದರ ಜಾಸ್ತಿ. ಎರಡೂ ಕಡೆ 40 ಪೈಸೆ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಹೋಗುವಾಗ 82.60ರಂತೆ 16,52,000 ರೂಪಾಯಿ ಆಗುತ್ತದೆ, ಬಡ್ಡಿ ಸೇರಿ 17,67,640, ವಾಪಸ್ ಬರುವಾಗ 85.90ರಂತೆ 20,578 ಡಾಲರ್. ಶೇಕಡಾ 3.87 ಇದ್ದದ್ದು 2.89ಕ್ಕೆ ಇಳಿಯಿತು. ಎರಡು ಸಲ ಬದಲಿಸಿದ್ದಕ್ಕೇ ಹೆಚ್ಚು ಕಡಿಮೆ ಒಂದು ಪರ್ಸೆಂಟ್ ಹೋಯಿತು. ಡಾಲರಿನಲ್ಲಿ ಇಟ್ಟು ಡಾಲರಿನಲ್ಲೇ ತೆಗೆದರೆ ಈ ಖರ್ಚು ಇಲ್ಲ. ಒಂದು ವರ್ಷದ ಠೇವಣಿಗೆ ಇದು ಚುರುಕು ಮುಟ್ಟಿಸುತ್ತದೆ, ಐದು ವರ್ಷಕ್ಕೆ ಹರಡಿದರೆ ಅಷ್ಟು ತೋರುವುದಿಲ್ಲ.

ಹಾಗಾದರೆ ಯಾವಾಗಲೂ ಡಾಲರೇ ಲೇಸೇ? ಇಲ್ಲ. ಇಲ್ಲಿ ಒಂದು ಗಡಿ ದರ ಇದೆ, ಠೇವಣಿ ಇಡುವ ಮುಂಚೆ ಎಲ್ಲರೂ ತೆಗೆದುಕೊಳ್ಳಲೇಬೇಕಾದ ಅಂಕಿ ಅದು. 1.07ನ್ನು 1.05ರಿಂದ ಭಾಗಿಸಿ, ಇಡುವ ದಿನದ 83ರಿಂದ ಗುಣಿಸಿ: 84.58. ವರ್ಷದ ಕೊನೆಗೆ ಡಾಲರ್ ಇದಕ್ಕಿಂತ ಮೇಲಿದ್ದರೆ ಡಾಲರ್ ಠೇವಣಿ ಗೆದ್ದಿತು, ಕೆಳಗಿದ್ದರೆ ರೂಪಾಯಿ ಠೇವಣಿ. ಇದೇ ದರಗಳಲ್ಲಿ ಮೂರು ವರ್ಷಕ್ಕೆ ಇಟ್ಟರೆ ಗಡಿ 87.83. (ಬ್ಯಾಂಕು ಬಡ್ಡಿಯನ್ನು ವರ್ಷದ ಮಧ್ಯೆ ಚಕ್ರಬಡ್ಡಿಯಾಗಿ ಸೇರಿಸುತ್ತದೆ, ಎಫ್‌ಸಿಎನ್‌ಆರ್‌ಗೆ ವರ್ಷಕ್ಕೆ 360 ದಿನ ಅಂತ ಲೆಕ್ಕ ಹಿಡಿಯುತ್ತದೆ. ಹಾಗಾಗಿ ನಿಜವಾದ ಅಂಕಿ ಪೈಸೆಗಳಲ್ಲಿ ಆಚೀಚೆ ಆದೀತು.)

"ಡಾಲರ್ ಏರೋದೇ" ಅನ್ನುವವರಿಗೂ ಒಂದು ಮಾತು. 2014ರ ಮಾರ್ಚ್ ಕೊನೆಗೆ ಸುಮಾರು 60 ಇದ್ದ ಡಾಲರ್ 2024ರ ಮಾರ್ಚ್ ಕೊನೆಗೆ 83 ದಾಟಿತ್ತು. ವರ್ಷಕ್ಕೆ ಸರಾಸರಿ ಶೇಕಡಾ ಮೂರಕ್ಕೂ ತುಸು ಹೆಚ್ಚು, ನಿಜ. ಆದರೆ ನಿಮ್ಮ ಠೇವಣಿ ಸರಾಸರಿಯ ದಿನ ಮುಗಿಯುವುದಿಲ್ಲ, ಒಂದು ನಿರ್ದಿಷ್ಟ ತಾರೀಖಿಗೆ ಮುಗಿಯುತ್ತದೆ. ಇದೇ ಹತ್ತು ವರ್ಷದ ನಡುವೆ 2016ರ ಮಾರ್ಚಿನಿಂದ 2017ರ ಮಾರ್ಚಿಗೆ ಡಾಲರ್ 66ರ ಮೇಲಿಂದ 65ರ ಕೆಳಗೆ ಇಳಿಯಿತು. ಅಂಥ ವರ್ಷ ರೂಪಾಯಿ ಬೇಕಾದವನ ಡಾಲರ್ ಬಡ್ಡಿಯಲ್ಲಿ ಎರಡು ಪರ್ಸೆಂಟ್ ದರದ ಇಳಿತಕ್ಕೇ ಹೋಗುತ್ತದೆ. 2013ರ ಆಗಸ್ಟಿನಲ್ಲಿ ಡಾಲರ್ 68 ಮುಟ್ಟಿದ್ದನ್ನು ನೋಡಿ ಇನ್ನೂ ಏರುತ್ತದೆ ಅಂದವರು, ಏಳು ತಿಂಗಳಲ್ಲಿ ಅದೇ 60ರ ಹತ್ತಿರ ಬಂದದ್ದನ್ನೂ ನೋಡಿದರು.

ಆದ್ದರಿಂದ ನಾನು ನೆಂಟರಿಗೆ ಕೇಳಿದ್ದು ದರದ ಬಗ್ಗೆ ಅಲ್ಲ, ಖರ್ಚಿನ ಬಗ್ಗೆ. ಈ ದುಡ್ಡು ಕೊನೆಗೆ ಎಲ್ಲಿ ಖರ್ಚಾಗುತ್ತದೆ? ಅಲ್ಲಿ ಮೊಮ್ಮಗನ ಕಾಲೇಜಿಗೆ ಅಂತಾದರೆ ಡಾಲರ್ ಠೇವಣಿಯ ಐದು ಪರ್ಸೆಂಟ್ ಖಚಿತ, ರೂಪಾಯಿ ಎಲ್ಲಿಗೇ ಬೀಳಲಿ, ವಿನಿಮಯದ ನಷ್ಟ ಠೇವಣಿದಾರರಿಗಿಲ್ಲ. ಶಿವಮೊಗ್ಗದಲ್ಲಿ ಸೈಟು ಕೊಳ್ಳುವುದಕ್ಕೆ ಅಂತಾದರೆ ರೂಪಾಯಿಯ ಏಳು ಖಚಿತ, ಡಾಲರಿನಲ್ಲಿ ಇಟ್ಟರೆ ಅದು ಏರೀತು ಅನ್ನುವ ಪಂದ್ಯ. ಅಂಥ ಪಂದ್ಯ ಕಟ್ಟಲೇಬಾರದು ಅಂತ ನಾನು ಹೇಳುವುದಿಲ್ಲ. ಕಟ್ಟುವವರು 84.58 ಅನ್ನುವ ಗಡಿಯನ್ನು ನೋಡಿಕೊಂಡು ಕಟ್ಟಲಿ.

ಫೋನಿನಲ್ಲಿ ಮಗಳ ಜೊತೆ ಮಾತಾಡಿ ಅವರು 12,000 ಡಾಲರನ್ನು ಕಾಲೇಜಿಗೆ ಅಂತ ಎಫ್‌ಸಿಎನ್‌ಆರ್‌ನಲ್ಲಿ, ಉಳಿದದ್ದನ್ನು ಸೈಟಿಗೆ ಅಂತ ಎನ್‌ಆರ್‌ಇಯಲ್ಲಿ ಇಡುವುದೆಂದು ತೀರ್ಮಾನಿಸಿದರು. ಎರಡರಲ್ಲೂ ವರ್ಷ ತುಂಬುವ ಮುಂಚೆ ಮುರಿದರೆ ಬಡ್ಡಿ ಸೊನ್ನೆ, ಹಾಗಾಗಿ ಸೈಟಿನ ಮುಂಗಡಕ್ಕೆ ಬೇಕಾದ್ದನ್ನು ಉಳಿತಾಯ ಖಾತೆಯಲ್ಲೇ ಬಿಡಿ ಅಂದೆ. ಅನಿವಾಸಿಯಾಗಿ ಇರುವವರೆಗೆ ಎರಡರ ಬಡ್ಡಿಗೂ ಇಲ್ಲಿ ತೆರಿಗೆ ಇಲ್ಲ, ಆದರೆ ಅಮೆರಿಕದಲ್ಲಿ ಅದನ್ನು ಆದಾಯ ಅಂತ ತೋರಿಸಲೇಬೇಕು. ಅಲ್ಲಿನ ತೆರಿಗೆ ಕಳೆದ ಮೇಲೆ ಕೈಗೆ ಉಳಿಯುವ ಅಂಕಿಯನ್ನು ಮಗಳೇ ಲೆಕ್ಕ ಹಾಕಿ ಕಳಿಸುತ್ತೇನೆ ಅಂದಿದ್ದಾಳೆ.